ಚೆರಿ ಮೂಟೆಯೊಳಗೆ ಉಳಿದ ಲಾಭ: ಗುಂಪಿನ ಲೆಕ್ಕದಲ್ಲಿ ಒಳವ್ಯಾಪಾರ ಕಳೆಯುವ ಬಗೆ

ಕೊಡಗಿನಲ್ಲಿ ಕಾಫಿ ಕೊಯ್ಲು ಡಿಸೆಂಬರಿನಲ್ಲಿ ಶುರುವಾಗಿ ಮಾರ್ಚ್‌ ತನಕ ಎಳೆಯುತ್ತದೆ. ಕಂಪನಿಗಳ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಂದರೆ ವರ್ಷದಲ್ಲೇ ಗೋದಾಮು ಅತಿ ಹೆಚ್ಚು ತುಂಬಿರುವ ದಿನಗಳಲ್ಲಿ ನಾವು ಕ್ಲೋಸಿಂಗ್ ಸ್ಟಾಕ್ ಎಣಿಸುತ್ತೇವೆ. ತೋಟಕ್ಕೊಂದು ಕಂಪನಿ, ಪುಡಿ ಮಾಡುವುದಕ್ಕೊಂದು ಕಂಪನಿ ಇಟ್ಟುಕೊಂಡ ಮನೆತನಗಳ ಲೆಕ್ಕ ಬರೆಯುವವರಿಗೆ ತಲೆನೋವು ಶುರುವಾಗುವುದು ಇಲ್ಲೇ. ತೋಟದ ಕಂಪನಿ ಮಾರಿ ಲಾಭ ತೋರಿಸಿದ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಇನ್ನೂ ಪುಡಿ ಕಂಪನಿಯ ಗೋದಾಮಿನಲ್ಲೇ ಕೂತಿರುತ್ತದೆ. ಎರಡೂ ಒಂದೇ ಮನೆಯ ಕಂಪನಿಗಳಾದ್ದರಿಂದ, ಎರಡನ್ನೂ ಕೂಡಿಸಿ ಬರೆಯುವ ಗುಂಪಿನ ಲೆಕ್ಕದಲ್ಲಿ ಆ ಮಾರಾಟ ನಡೆದೇ ಇಲ್ಲ.

ಸಬ್ಸಿಡಿಯರಿ ಇರುವ ಕಂಪನಿ ತನ್ನದರ ಜೊತೆಗೆ ಗುಂಪಿನ ಲೆಕ್ಕವನ್ನೂ ತಯಾರಿಸಬೇಕೆಂದು ಕಂಪನಿ ಕಾಯ್ದೆ 2013ರ 129(3) ಹೇಳುತ್ತದೆ. ಒಳವ್ಯಾಪಾರವನ್ನೂ ಅದರಿಂದ ದಾಸ್ತಾನಿನಲ್ಲಿ ಉಳಿದ ಲಾಭವನ್ನೂ ಪೂರ್ತಿಯಾಗಿ ಕಳೆಯಬೇಕೆಂಬುದು ಗುಂಪಿನ ಲೆಕ್ಕಕ್ಕಿರುವ ಮಾನದಂಡ ಎಎಸ್ 21ರ ಮಾತು. ನಿಯಮ ಎರಡೇ ಸಾಲು. ಕೆಲಸ ಇರುವುದು ಆ ಲಾಭ ಎಲ್ಲಿ ಅಡಗಿದೆ ಎಂದು ಹುಡುಕುವುದರಲ್ಲಿ. ಚೆರಿ ಚೆರಿಯಾಗಿಯೇ ಇದ್ದರೆ ಸುಲಭ. ಅದು ಬೀಜವಾಗಿ, ಹುರಿದು, ಚಿಕೋರಿ ಬೆರೆತು ಪ್ಯಾಕೆಟ್ ಸೇರಿದ ಮೇಲೆ ಅದರೊಳಗಿನ ತೋಟದ ಲಾಭ ಎಷ್ಟೆಂದು ಹೇಳುವುದು ಹೇಗೆ? ಅದನ್ನೇ ಒಂದು ಲೆಕ್ಕ ಹಿಡಿದು ನೋಡೋಣ. ಅಂಕಿಗಳು ಉದಾಹರಣೆಗೆ ಕಟ್ಟಿಕೊಂಡವು, ಭಾಗಾಕಾರ ಸುಲಭವಾಗಲಿ ಎಂದು ದುಂಡಗೆ ಇಟ್ಟಿದ್ದೇನೆ.

ಲೆಕ್ಕದ ಹಿನ್ನೆಲೆ

ಸಿದ್ದಾಪುರದ ಕಡೆ ತೋಟವಿರುವ ಕಂಪನಿ ಹೋಲ್ಡಿಂಗ್ ಕಂಪನಿ. ಕುಶಾಲನಗರದಲ್ಲಿ ಕ್ಯೂರಿಂಗ್ ಮಾಡಿ, ಹುರಿದು, ಪುಡಿ ಮಾಡುವ ಕಂಪನಿ ಅದರ ಸಬ್ಸಿಡಿಯರಿ, ಶೇ. 80 ಪಾಲು ತೋಟದ ಕಂಪನಿಯದು, ಉಳಿದ 20 ಹೊರಗಿನವರದು. ತೋಟದ ಕಂಪನಿ ಈ ವರ್ಷ 50 ಕೆಜಿಯ 3,000 ಮೂಟೆ ರೋಬಸ್ಟಾ ಚೆರಿಯನ್ನು ಮೂಟೆಗೆ ₹10,000ದಂತೆ ಪುಡಿ ಕಂಪನಿಗೆ ಮಾರಿತು. ಒಟ್ಟು ₹3 ಕೋಟಿ. ಮೂಟೆಗೆ ಬಿದ್ದ ಖರ್ಚು ₹8,000. ಪುಡಿ ಕಂಪನಿ ಇದರ ಜೊತೆಗೆ ಅಕ್ಕಪಕ್ಕದ ಸಣ್ಣ ಬೆಳೆಗಾರರಿಂದಲೂ ಚೆರಿ ಕೊಳ್ಳುತ್ತದೆ, ಅರೇಬಿಕಾ ಪಾರ್ಚ್‌ಮೆಂಟನ್ನೂ ಹೊರಗಿನಿಂದಲೇ ತರಿಸುತ್ತದೆ.

ಮೊದಲು ಎರಡೂ ಪುಸ್ತಕ ಹೊಂದಬೇಕು

ಕಳೆಯುವ ಕೆಲಸಕ್ಕೆ ಕೈಹಾಕುವ ಮೊದಲು ಒಬ್ಬರ ಮಾರಾಟ ಇನ್ನೊಬ್ಬರ ಖರೀದಿಗೆ ತಾಳೆಯಾಗುತ್ತದೆಯೇ ನೋಡಿ. ಟ್ಯಾಲಿಯಲ್ಲಿ ಎರಡೂ ಕಡೆಯ ಲೆಡ್ಜರ್ ತೆಗೆದು, ಬಿಲ್ ನಂಬರ್ ಹಿಡಿದು ಸಾಲು ಸಾಲಾಗಿ ಟಿಕ್ ಹಾಕುವುದು. ಜಿಎಸ್‌ಟಿ ಬಿದ್ದ ಬಿಲ್ ಇದ್ದರೆ ತೆರಿಗೆ ಬಿಟ್ಟ ಮೊತ್ತವನ್ನೇ ಹೋಲಿಸಿ. ನಮ್ಮ ಉದಾಹರಣೆಯಲ್ಲಿ ತೋಟದ ಕಂಪನಿಯ ಮಾರಾಟ ₹300 ಲಕ್ಷ, ಪುಡಿ ಕಂಪನಿಯ ಪುಸ್ತಕದಲ್ಲಿ ಖರೀದಿ ₹294 ಲಕ್ಷ. ಬರಬೇಕಾದ ಬಾಕಿ ಒಂದು ಕಡೆ ₹46 ಲಕ್ಷ, ಕೊಡಬೇಕಾದದ್ದು ಇನ್ನೊಂದು ಕಡೆ ₹40 ಲಕ್ಷ. ಎರಡರಲ್ಲೂ ಅದೇ ಆರು ಲಕ್ಷದ ವ್ಯತ್ಯಾಸ ಕಂಡರೆ ಮಾರ್ಚ್ ಕೊನೆಯ ಲಾರಿಯನ್ನು ಹುಡುಕಿ.

ಇಂಥದ್ದೇ ಒಂದು ವ್ಯತ್ಯಾಸಕ್ಕೆ ನಾನೊಮ್ಮೆ ತೋಟದ ರೈಟರಿಗೆ ಫೋನ್ ಮಾಡಿದ್ದೆ.

"ರೈಟ್ರೇ, 31ನೇ ತಾರೀಕಿನ ಕೊನೇ ಲೋಡ್ ಯಾವಾಗ ಬಿಟ್ಟಿರಿ?"

"ಸಂಜೆ ಆರಕ್ಕೇ ಬಿಟ್ಟೆ ಸರ್. ನೆಲ್ಯಹುದಿಕೇರಿ ದಾಟ್ತಿದ್ದಂಗೆ ರಸ್ತೇಲಿ ಆನೆ ಹಿಂಡು ಅಂದ್ರಂತೆ. ಡ್ರೈವರ್ ಅಲ್ಲೇ ನಿಲ್ಲಿಸಿ ಮಲಗಿದ್ದಾನೆ. ಬೆಳಿಗ್ಗೆ ಇಳಿಸಿದ್ದು."

ಸರಿ, ಆನೆ ಅಡ್ಡ ಬಂದರೂ ಬರದಿದ್ದರೂ ಮಾಡುವ ಲೆಕ್ಕ ಒಂದೇ. 31ರಂದು ತೋಟ ಬಿಲ್ ಹಾಕಿದೆ, ತನ್ನ ಸ್ಟಾಕಿನಿಂದ ತೆಗೆದಿದೆ. 1ರಂದು ಪುಡಿ ಕಂಪನಿ ಒಳಗೆ ತಗೊಂಡಿದೆ. ನಮ್ಮ ಉದಾಹರಣೆಯ ಆರು ಲಕ್ಷ ಎಂದರೆ 60 ಮೂಟೆ, ಆ ರಾತ್ರಿ ಅದು ಯಾರ ಪುಸ್ತಕದಲ್ಲೂ ಇಲ್ಲ, ಆದರೆ ಗುಂಪಿನದೇ ಮಾಲು. ಆದ್ದರಿಂದ ಗುಂಪಿನ ವರ್ಕಿಂಗ್ ಶೀಟಿನಲ್ಲಿ ಮೊದಲ ಎಂಟ್ರಿ: ದಾರಿಯಲ್ಲಿರುವ ದಾಸ್ತಾನು ಡೆಬಿಟ್ ₹6 ಲಕ್ಷ, ತೋಟದ ಕಂಪನಿಗೆ ಕೊಡಬೇಕಾದದ್ದು ಕ್ರೆಡಿಟ್ ₹6 ಲಕ್ಷ. ಈಗ ಖರೀದಿ 300, ಬಾಕಿ 46, ಎರಡೂ ಕಡೆ ಒಂದೇ. ಲಾಭ-ನಷ್ಟದ ಮೇಲೆ ಇದರ ಪರಿಣಾಮ ಸೊನ್ನೆ, ಏಕೆಂದರೆ ಖರೀದಿ ಎಷ್ಟು ಏರಿತೋ ಉಳಿದ ದಾಸ್ತಾನೂ ಅಷ್ಟೇ ಏರಿತು. ಇದನ್ನು ಬಿಟ್ಟು ವ್ಯತ್ಯಾಸವನ್ನು "ಸಸ್ಪೆನ್ಸ್"ಗೆ ತಳ್ಳುವವರು ಇದ್ದಾರೆ. ಹಾಗೆ ಮಾಡಿದರೆ 60 ಮೂಟೆಯ ಒಳಗಿನ ಲಾಭವೂ ಕಳೆಯದೆ ಉಳಿದುಬಿಡುತ್ತದೆ.

ಮಾರಾಟ ಕಳೆಯುವುದು

ಇದು ಒಂದೇ ಎಂಟ್ರಿ. ತೋಟದ ಕಂಪನಿಯ ಮಾರಾಟ ₹300 ಲಕ್ಷ ಡೆಬಿಟ್, ಪುಡಿ ಕಂಪನಿಯ ಕಚ್ಚಾಮಾಲಿನ ಖರ್ಚು ₹300 ಲಕ್ಷ ಕ್ರೆಡಿಟ್. ಜೊತೆಗೆ ಬಾಕಿ ₹46 ಲಕ್ಷವನ್ನು ಎರಡೂ ಕಡೆಯಿಂದ ತೆಗೆಯುವುದು. ಲಾಭ ಇಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಇಳಿಯುವುದು ವಹಿವಾಟಿನ ಮೊತ್ತ ಮಾತ್ರ. ಇಲ್ಲಿ ಕಳೆಯಬೇಕಾದದ್ದು ಪೂರ್ತಿ 300. "ಹೊರಗೆ ಮಾರಿ ಹೋದ ಭಾಗ ನಿಜವಾದ ಮಾರಾಟವಲ್ಲವೇ ಸರ್, ಅದನ್ನೇಕೆ ಕಳೆಯಬೇಕು?" ಎಂದು ಹೊಸ ಹುಡುಗರು ಕೇಳುತ್ತಾರೆ. ಹೊರಗಿನ ಗಿರಾಕಿಗೆ ಪುಡಿ ಮಾರಿದ ಬಿಲ್ ಪುಡಿ ಕಂಪನಿಯ ಮಾರಾಟದಲ್ಲಿ ಈಗಾಗಲೇ ಇದೆ. ಚೆರಿಯ ಬಿಲ್ಲನ್ನೂ ಉಳಿಸಿಕೊಂಡರೆ ಒಂದೇ ಕಾಫಿಯನ್ನು ಎರಡು ಸಲ ಮಾರಿದಂತಾಗುತ್ತದೆ.

ಉಳಿದ ದಾಸ್ತಾನನ್ನು ಮೂಟೆಗೆ ಹಿಂತಿರುಗಿಸುವುದು

ನಿಜವಾದ ಕೆಲಸ ಇಲ್ಲಿದೆ. ಪುಡಿ ಕಂಪನಿಯ ಸ್ಟಾಕ್ ಪಟ್ಟಿಯಲ್ಲಿ ಕಚ್ಚಾಮಾಲು, ಅರೆಸಿದ್ಧ ಮಾಲು, ಸಿದ್ಧ ಮಾಲು ಎಂದು ಮೂರು ಮೊತ್ತ ಇರುತ್ತದೆ. ಆ ಮೊತ್ತಗಳಿಗೆ ನೇರವಾಗಿ ಶೇಕಡಾ ಹಾಕಬೇಡಿ. ಅವುಗಳಲ್ಲಿ ಹೊರಗಿನವರ ಚೆರಿ ಇದೆ, ಲಾರಿ ಬಾಡಿಗೆ ಇದೆ, ಸೌದೆ, ಕರೆಂಟು, ಕೂಲಿ, ಚಿಕೋರಿ ಎಲ್ಲ ಇವೆ. ಅವೆಲ್ಲ ಗುಂಪಿನ ಮಟ್ಟಿಗೂ ನಿಜವಾದ ಖರ್ಚೇ, ಮುಟ್ಟುವಂತಿಲ್ಲ. ನಮಗೆ ಬೇಕಾದದ್ದು ತೋಟದಿಂದ ಬಂದ ಎಷ್ಟು ಮೂಟೆ ಇನ್ನೂ ಯಾವುದಾದರೊಂದು ರೂಪದಲ್ಲಿ ಒಳಗೇ ಉಳಿದಿದೆ ಎಂಬ ಒಂದೇ ಸಂಖ್ಯೆ. ಹಾಗಾಗಿ ರೂಪಾಯಿಯನ್ನು ಪಕ್ಕಕ್ಕಿಟ್ಟು ಕೆಜಿಯಲ್ಲಿ ಹಿಂದಕ್ಕೆ ನಡೆಯಬೇಕು.

ಚೆರಿಯಿಂದ ಶುರು ಮಾಡಿ. 31ರ ಎಣಿಕೆಯಲ್ಲಿ 850 ಮೂಟೆ. ಗೋದಾಮಿನ ರಿಜಿಸ್ಟರಿನಲ್ಲಿ ಲಾಟ್ ನಂಬರ್ ಇದ್ದರೆ ತೋಟದ್ದು 600, ಹೊರಗಿನದು 250 ಎಂದು ನೇರವಾಗಿ ಸಿಗುತ್ತದೆ. ಎಲ್ಲವನ್ನೂ ಒಂದೇ ರಾಶಿ ಸುರಿದಿದ್ದರೆ ಆ ಋತುವಿನ ಖರೀದಿಯ ಅನುಪಾತ ಹಿಡಿಯದೆ ಬೇರೆ ದಾರಿಯಿಲ್ಲ. ಆದರೆ ಹಾಗೆ ಮಾಡಿದ್ದನ್ನು ಶೀಟಿನಲ್ಲಿ ಬರೆದಿಡಿ, ಮುಂದಿನ ವರ್ಷವೂ ಅದೇ ರೀತಿ ಮಾಡಿ.

ಮುಂದೆ ಕ್ಲೀನ್ ಬೀಜ. ತೋಟದ ಲಾಟಿನಿಂದ ಬಂದ ಬೀಜ 10,400 ಕೆಜಿ ಇದೆ. ಇದಕ್ಕೆ ಕ್ಯೂರಿಂಗಿನ ಔಟ್‌ಟರ್ನ್ ಬೇಕು, ನಾವೆಲ್ಲ ಓಟಿ ಎನ್ನುವುದು. 50 ಕೆಜಿ ಚೆರಿಗೆ ಎಷ್ಟು ಕೆಜಿ ಬೀಜ ಬಂತು ಎಂಬ ಲೆಕ್ಕ. ಇಲ್ಲಿ ಓಟಿ 26. ಹಾಗಾದರೆ 10,400 ಕೆಜಿ ಎಂದರೆ 400 ಮೂಟೆ. ಯಾರೋ ಹೇಳಿದ 26 ಅಥವಾ 28 ಎಂಬ ಬಾಯಿಮಾತಿನ ಓಟಿ ಹಾಕಬೇಡಿ. ಮಳೆಗೆ ಸಿಕ್ಕಿ ಸರಿಯಾಗಿ ಒಣಗದ ಲಾಟಿಗೂ ಚೆನ್ನಾಗಿ ಕಣದಲ್ಲಿ ಒಣಗಿದ ಲಾಟಿಗೂ ಓಟಿ ಬೇರೆ. ಆಯಾ ಲಾಟಿನ ಕ್ಯೂರಿಂಗ್ ಚೀಟಿಯಲ್ಲಿ ಬರೆದಿರುವುದನ್ನೇ ತೆಗೆದುಕೊಳ್ಳಿ.

ಕೊನೆಗೆ ಪುಡಿ. 3,000 ಕೆಜಿ ಪ್ಯಾಕ್ ಆಗಿ ನಿಂತಿದೆ, 70:30 ಮಿಶ್ರಣ, ಅಂದರೆ ಕಾಫಿ 2,100 ಕೆಜಿ, ಉಳಿದದ್ದು ಚಿಕೋರಿ. ಹುರಿಯುವಾಗ ತೂಕ ಶೇ. 16 ಇಳಿದಿದೆ ಎಂದು ರೋಸ್ಟಿಂಗ್ ಪುಸ್ತಕ ಹೇಳುತ್ತದೆ. ಆದ್ದರಿಂದ ಹುರಿಯುವ ಮೊದಲು 2,500 ಕೆಜಿ ಬೀಜ ಇತ್ತು. ಬ್ಯಾಚ್ ಶೀಟಿನ ಪ್ರಕಾರ ಅದರಲ್ಲಿ ತೋಟದ ರೋಬಸ್ಟಾ ಶೇ. 52, ಅಂದರೆ 1,300 ಕೆಜಿ. ಓಟಿ 26ರಿಂದ ಭಾಗಿಸಿದರೆ 50 ಮೂಟೆ. ಎಕ್ಸೆಲ್‌ನಲ್ಲಿ ಪುಡಿಯ ಕೆಜಿ D5ನಲ್ಲಿ ಇದ್ದರೆ ಮೂಟೆ ಸಿಗುವುದು ಹೀಗೆ:

```
=D5*0.70/0.84*0.52/26
```

ದಾರಿಯಲ್ಲಿದ್ದ 60 ಮೂಟೆಯನ್ನೂ ಸೇರಿಸಿ ಈಗ ಪಟ್ಟಿ ಮಾಡೋಣ. ಮೂಟೆಗೆ ಲಾಭ ₹2,000.

| ಎಲ್ಲಿದೆ | ತೋಟದ ಮೂಟೆ | ಒಳಗಿನ ಲಾಭ (₹ ಲಕ್ಷ) |
|---|---|---|
| ಗೋದಾಮಿನ ಚೆರಿ | 600 | 12.0 |
| ದಾರಿಯಲ್ಲಿದ್ದ ಚೆರಿ | 60 | 1.2 |
| ಕ್ಲೀನ್ ಬೀಜ | 400 | 8.0 |
| ಪುಡಿ | 50 | 1.0 |
| ಒಟ್ಟು | 1,110 | 22.2 |

ಈ ₹22.2 ಲಕ್ಷವೇ ಇನ್ನೂ ಕೈಗೂಡದ ಲಾಭ. ಸರಿಯಿದೆಯೇ ಎಂದು ಇನ್ನೊಂದು ಕಡೆಯಿಂದ ನೋಡಿ: 3,000ದಲ್ಲಿ 1,110 ಉಳಿದರೆ ಹೊರಗೆ ಹೋದದ್ದು 1,890 ಮೂಟೆ, ಅದರ ಲಾಭ ₹37.8 ಲಕ್ಷ. ಎರಡೂ ಸೇರಿ ₹60 ಲಕ್ಷ, ತೋಟದ ಕಂಪನಿ ಈ ಚೆರಿಯಲ್ಲಿ ತೋರಿಸಿದ ಪೂರ್ತಿ ಲಾಭ. ಹಾಗೆಯೇ ಆ 1,890 ಮೂಟೆಯಿಂದ ಆಗಬೇಕಾದ ಪುಡಿ ಮತ್ತು ಬೀಜದ ತೂಕವನ್ನು ನಿಜವಾದ ಮಾರಾಟದ ತೂಕದೊಂದಿಗೆ ಒಮ್ಮೆ ಹೋಲಿಸಿ ನೋಡಿ. ದೊಡ್ಡ ಅಂತರ ಬಂದರೆ ತಪ್ಪು ಸ್ಟಾಕ್ ಎಣಿಕೆಯಲ್ಲಿರಬಹುದು, ಓಟಿಯಲ್ಲಿರಬಹುದು.

ಎಂಟ್ರಿ ಹಾಕುವಾಗ ಲಾಭ-ನಷ್ಟದ ಸರಿಯಾದ ಸಾಲಿಗೆ ಹಾಕಿ. ಚೆರಿ ಪುಡಿ ಕಂಪನಿಗೆ ಕಚ್ಚಾಮಾಲು, ಆದ್ದರಿಂದ 13.2 ಲಕ್ಷ ಕಚ್ಚಾಮಾಲಿನ ಖರ್ಚಿಗೆ ಡೆಬಿಟ್. ಬೀಜ, ಪುಡಿಗಳ 9 ಲಕ್ಷ "ದಾಸ್ತಾನಿನಲ್ಲಾದ ಬದಲಾವಣೆ" ಸಾಲಿಗೆ ಡೆಬಿಟ್. ಕ್ರೆಡಿಟ್ ಮಾತ್ರ ಬ್ಯಾಲೆನ್ಸ್ ಶೀಟಿನ ದಾಸ್ತಾನಿಗೆ, ಒಟ್ಟು 22.2.

25 ಅಲ್ಲ, 20

ಈ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಾನು ಎಡವಿದ್ದು ಬಹಳ ಸಣ್ಣ ಕಡೆ. ತೋಟದವರು "ನಾವು ಖರ್ಚಿನ ಮೇಲೆ 25 ಇಟ್ಟು ಮಾರ್ತೀವಿ" ಎಂದಿದ್ದರು. ನಾನು ದಾಸ್ತಾನಿನ ಮೊತ್ತಕ್ಕೇ 25 ಹಾಕಿಬಿಟ್ಟೆ. ದಾಸ್ತಾನಿನಲ್ಲಿರುವುದು ಮಾರಿದ ಬೆಲೆ, ಖರ್ಚಲ್ಲ. 8,000ದ ಮೇಲೆ ಶೇ. 25 ಎಂದರೆ 10,000ದಲ್ಲಿ ಶೇ. 20. ಮೇಲಿನ ಅಂಕಿಗಳಲ್ಲೇ ನೋಡಿದರೆ 1,110 ಮೂಟೆಯ ₹111 ಲಕ್ಷಕ್ಕೆ ಶೇ. 25 ಹಾಕಿದಾಗ ₹27.75 ಲಕ್ಷ ಬರುತ್ತದೆ, ₹5.55 ಲಕ್ಷ ಹೆಚ್ಚು. ಹಿಡಿಯುವುದು ಸುಲಭ: ಲಾಭ ಕಳೆದ ಮೇಲೆ ಉಳಿದ ಮೊತ್ತವನ್ನು ಮೂಟೆಯಿಂದ ಭಾಗಿಸಿ. 88.8 ಲಕ್ಷವನ್ನು 1,110ರಿಂದ ಭಾಗಿಸಿದರೆ 8,000 ಬರಬೇಕು. ನನ್ನ ಲೆಕ್ಕದಲ್ಲಿ 7,500 ಬಂದಿರುತ್ತಿತ್ತು. ಆ ಖರ್ಚಿಗೆ ಯಾರೂ ಕಾಫಿ ಬೆಳೆದಿರಲಿಲ್ಲ.

ಆ 8,000ವೂ ಎಲ್ಲಿಂದ ಬಂತೆಂದು ಕೇಳಲೇಬೇಕು. ಜನವರಿಯಲ್ಲಿ ಬಿಲ್ ಹಾಕುವಾಗ ಬೆಳೆ ಎಷ್ಟು ಬರುತ್ತದೆಂದು ತೋಟಕ್ಕೇ ಗೊತ್ತಿರುವುದಿಲ್ಲ, ಅಂದಾಜಿನ ಖರ್ಚು ಹಿಡಿದಿರುತ್ತಾರೆ. ಕೊಯ್ಲು ಮುಗಿದ ಮೇಲೆ ನಿಜವಾದ ಖರ್ಚನ್ನು ನಿಜವಾದ ಮೂಟೆಯಿಂದ ಭಾಗಿಸಿ ಬಂದದ್ದನ್ನೇ ಬಳಸಿ. ಬೆಲೆ ತಿಂಗಳಿಂದ ತಿಂಗಳಿಗೆ ಬೇರೆಯಾಗಿದ್ದರೆ, ಪುಡಿ ಕಂಪನಿ ದಾಸ್ತಾನಿಗೆ ಯಾವ ಪದ್ಧತಿ ಅನುಸರಿಸುತ್ತದೋ ಅದೇ ಪದ್ಧತಿಯಲ್ಲಿ ಉಳಿದ ಮೂಟೆಯ ಬೆಲೆ ಹಿಡಿಯಬೇಕು.

ಇಲ್ಲಿ ಒಂದು ಮಿತಿ. ಎಎಸ್ ಬದಲಿಗೆ ಇಂಡ್ ಎಎಸ್ ಎಂಬ ಇನ್ನೊಂದು ಮಾನದಂಡಗಳ ಸಾಲು ಅನ್ವಯಿಸುವ ಗುಂಪಾದರೆ ಇಂಡ್ ಎಎಸ್ 41ರಂತೆ ಗಿಡದಿಂದ ಕಿತ್ತ ಹಣ್ಣನ್ನು ಕೊಯ್ಲಿನ ಹೊತ್ತಿನ ಮಾರುಕಟ್ಟೆ ಮೌಲ್ಯದಲ್ಲಿ, ಮಾರುವ ಖರ್ಚು ಕಳೆದು, ಹಿಡಿಯಬೇಕು. ಅಲ್ಲಿಂದ ಮುಂದೆ ಅದೇ ದಾಸ್ತಾನಿನ ಖರ್ಚು, ಒಣಗಿಸುವ ಖರ್ಚು ಅದರ ಮೇಲೆ ಸೇರುತ್ತದೆ. ಬೆಳೆದ ಲಾಭ ಕೊಯ್ಲಿನಲ್ಲೇ ಲೆಕ್ಕಕ್ಕೆ ಬಂದಾಯಿತು, ಒಳಮಾರಾಟದಲ್ಲಿ ಉಳಿಯುವುದು ಸಣ್ಣ ತುಣುಕು. ಅಂಥ ಗುಂಪಿನಲ್ಲಿ 8,000 ಹಿಡಿದು ಕಳೆದರೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಕಳೆದಂತೆ. ತೆರಿಗೆಯಲ್ಲೂ ಎರಡರ ದಾರಿ ಬೇರೆ. ಇಂಡ್ ಎಎಸ್‌ನಲ್ಲಿ ಕಳೆದ ಲಾಭದ ಮೇಲೆ, ಮಾಲು ಇಟ್ಟುಕೊಂಡ ಕಂಪನಿಯ ದರದಲ್ಲಿ, ಡಿಫರ್ಡ್ ತೆರಿಗೆ ಹಿಡಿಯಬೇಕು. ಎಎಸ್ 21ರಲ್ಲಿ ಎರಡು ಕಂಪನಿಗಳ ತೆರಿಗೆಯನ್ನು ಹಾಗೇ ಕೂಡಿಸುತ್ತೇವೆ, ಅಷ್ಟೇ.

ಹೋದ ವರ್ಷದ ಎಂಟ್ರಿ ಈ ವರ್ಷವೂ ಬೇಕು

ಕಳೆಯುವ ಎಂಟ್ರಿಗಳು ಯಾವ ಕಂಪನಿಯ ಟ್ಯಾಲಿಯಲ್ಲೂ ಇರುವುದಿಲ್ಲ. ವರ್ಕಿಂಗ್ ಶೀಟಿನಲ್ಲಿ ಹುಟ್ಟಿ ಅಲ್ಲೇ ಉಳಿಯುತ್ತವೆ. ಹೋದ ಮಾರ್ಚಿನಲ್ಲಿ ₹15 ಲಕ್ಷ ಕಳೆದಿದ್ದೀರಿ ಎನ್ನಿ. ಪುಡಿ ಕಂಪನಿಯ ಪುಸ್ತಕದಲ್ಲಿ ಆರಂಭದ ದಾಸ್ತಾನು ಈಗಲೂ ಆ 15 ಸೇರಿದ ಬೆಲೆಯಲ್ಲೇ ನಿಂತಿದೆ. ತೋಟದ ಕಂಪನಿಯ ರಿಸರ್ವಿನಲ್ಲೂ ಆ 15 ಕೂತಿದೆ. ಆ ಹಳೆಯ ಮಾಲು ಈ ವರ್ಷ ಹೊರಗೆ ಮಾರಿಹೋಯಿತು, ಅಂದರೆ ಆ ಲಾಭ ಈ ವರ್ಷ ಕೈಗೂಡಿತು. ಆದ್ದರಿಂದ ಆರಂಭದ ರಿಸರ್ವ್ ₹15 ಲಕ್ಷ ಡೆಬಿಟ್, ಈ ವರ್ಷದ ಮಾಲಿನ ಖರ್ಚು ₹15 ಲಕ್ಷ ಕ್ರೆಡಿಟ್.

ತೋಟದ ಲಾಭ ₹90 ಲಕ್ಷ, ಪುಡಿ ಕಂಪನಿಯದು ₹40 ಲಕ್ಷ ಎಂದಿಟ್ಟುಕೊಂಡರೆ ಕೂಡಿಸಿ 130. ಈ ವರ್ಷದ 22.2 ಕಳೆದು, ಹೋದ ವರ್ಷದ 15 ಸೇರಿಸಿದರೆ ಗುಂಪಿನ ಲಾಭ ₹122.8 ಲಕ್ಷ. ಲಾಭದ ಮೇಲೆ ನಿವ್ವಳ ಪರಿಣಾಮ ₹7.2 ಲಕ್ಷ ಮಾತ್ರ. ಬ್ಯಾಲೆನ್ಸ್ ಶೀಟಿನ ದಾಸ್ತಾನಿನಿಂದ ಮಾತ್ರ ಪೂರ್ತಿ 22.2 ಇಳಿಯುತ್ತದೆ.

ನಾನು ನೋಡಿದ ಶೀಟುಗಳಲ್ಲಿ ಅತಿ ಹೆಚ್ಚು ಮರೆತುಹೋಗುವ ಎಂಟ್ರಿ ಇದೇ, ಅದರಲ್ಲೂ ಹೋದ ವರ್ಷ ಲೆಕ್ಕ ಮಾಡಿದ ಹುಡುಗ ಕೆಲಸ ಬಿಟ್ಟುಹೋಗಿದ್ದರೆ. ಪತ್ತೆ ಹಚ್ಚಲು ಹೋದ ವರ್ಷ ಸಹಿಯಾದ ಗುಂಪಿನ ಬ್ಯಾಲೆನ್ಸ್ ಶೀಟಿನ ರಿಸರ್ವನ್ನು ಈ ವರ್ಷದ ಆರಂಭದ ರಿಸರ್ವ್ ಪಕ್ಕ ಇಡಿ. ಸರಿಯಾಗಿ 15 ಲಕ್ಷದ ಅಂತರ ಕಂಡರೆ ಬೇರೆಲ್ಲೂ ಹುಡುಕಬೇಡಿ. ಹೋದ ವರ್ಷದ ಚೆರಿ ಕೆಲವು ಮೂಟೆ ಇನ್ನೂ ಮಾರದೆ ಉಳಿದಿದ್ದರೆ, ಅವು ಈ ವರ್ಷದ ಪಟ್ಟಿಯಲ್ಲೂ ಬರಬೇಕು, ಹೋದ ವರ್ಷದ ಲಾಭದ ದರದಲ್ಲಿ.

ಬೆಲೆ ಬಿದ್ದ ವರ್ಷ

ಮಾರ್ಚಿನಲ್ಲಿ ಚೆರಿ ಬೆಲೆ ಕುಸಿದು ಮೂಟೆಗೆ ₹9,200ಕ್ಕೆ ಬಂತೆನ್ನಿ. ಪುಡಿ ಕಂಪನಿ 10,000ಕ್ಕೆ ಕೊಂಡ ಚೆರಿಯನ್ನು ತನ್ನ ಪುಸ್ತಕದಲ್ಲಿ 9,200ಕ್ಕೆ ಇಳಿಸಿದೆ, ಮೂಟೆಗೆ 800 ನಷ್ಟ ಬರೆದಿದೆ. ಪುಡಿ ಮಾಡಿ ಮಾರಿದರೂ ಹಾಕಿದ ಖರ್ಚು ಹುಟ್ಟುವುದಿಲ್ಲ ಎಂದಾದರೆ ತನ್ನ ಮಟ್ಟಿಗೆ ಅದು ಮಾಡಿದ್ದು ಸರಿ. ಆದರೆ ಗುಂಪಿಗೆ ಆ ಮೂಟೆ ಬಿದ್ದದ್ದು 8,000ಕ್ಕೆ, ಈಗಲೂ 9,200 ಸಿಗುತ್ತದೆ. ಗುಂಪಿಗೆ ನಷ್ಟವೇ ಇಲ್ಲ. ಇದನ್ನು ಗಮನಿಸದೆ ಮತ್ತೆ 2,000 ಕಳೆದರೆ ದಾಸ್ತಾನು 7,200ಕ್ಕೆ ಇಳಿಯುತ್ತದೆ, ಖರ್ಚಿಗಿಂತಲೂ ಕೆಳಗೆ. ಕಳೆಯಬೇಕಾದದ್ದು ಉಳಿದ 1,200 ಮಾತ್ರ. 2,000 ಕಳೆದು 800ರ ನಷ್ಟವನ್ನು ವಾಪಸ್ ಬರೆದರೂ ಅಲ್ಲಿಗೇ ಬರುತ್ತದೆ. ನಾನು ಎರಡನೆಯ ರೀತಿಯನ್ನೇ ಹಿಡಿಯುತ್ತೇನೆ, ಆಡಿಟರಿಗೆ ಎರಡೂ ಅಂಕಿ ಕಣ್ಣಿಗೆ ಕಾಣುತ್ತವೆ. ಬೆಲೆ ಇನ್ನೂ ಬಿದ್ದು 7,500ಕ್ಕೆ ಹೋದರೆ ಮಾತ್ರ ಗುಂಪಿಗೂ ಮೂಟೆಗೆ 500 ನಷ್ಟ ನಿಜ, ಅದು ಉಳಿಯಬೇಕು.

ಮಾರಿದವರು ಯಾರು

ಈ ಉದಾಹರಣೆಯಲ್ಲಿ ಮಾರಿದ್ದು ಹೋಲ್ಡಿಂಗ್ ಕಂಪನಿ, ಲಾಭ ಇದ್ದದ್ದು ಅದರ ಪುಸ್ತಕದಲ್ಲಿ. ಹಾಗಾಗಿ 22.2 ಪೂರ್ತಿ ಅದರ ಪಾಲಿನಿಂದಲೇ ಹೋಗುತ್ತದೆ. ಶೇ. 20ರ ಹೊರಗಿನ ಪಾಲುದಾರರ ಮೈನಾರಿಟಿ ಇಂಟರೆಸ್ಟ್ ₹40 ಲಕ್ಷದ ಮೇಲೆ ₹8 ಲಕ್ಷ, ಅದನ್ನು ಮುಟ್ಟಬೇಡಿ.

ಮಾಲು ಎದುರು ದಿಕ್ಕಿನಲ್ಲಿ ಹೋದಾಗ ಮಾತು ಬೇರೆ. ಇದೇ ತೋಟದ ಕಂಪನಿ ಮಡಿಕೇರಿಯಲ್ಲಿ ಪ್ರವಾಸಿಗರಿಗಾಗಿ ಅಂಗಡಿ ಇಟ್ಟು ಪುಡಿ ಕಂಪನಿಯಿಂದ ಪ್ಯಾಕೆಟ್ ತರಿಸುತ್ತದೆ, 31ಕ್ಕೆ ಒಂದು ಲಕ್ಷದ ಪ್ಯಾಕೆಟ್ ಉಳಿದಿದೆ, ಅದರಲ್ಲಿ ಪುಡಿ ಕಂಪನಿಯ ಲಾಭ ₹20,000 ಎನ್ನಿ. ದಾಸ್ತಾನಿನಿಂದ ಪೂರ್ತಿ 20,000 ಕಳೆಯಬೇಕು, ಶೇ. 80 ಮಾತ್ರ ಅಲ್ಲ. ಆದರೆ ಮಾರಿದ್ದು ಸಬ್ಸಿಡಿಯರಿ ಆದ್ದರಿಂದ ರೂಢಿಯಲ್ಲಿ ಅದರ ಶೇ. 20, ಅಂದರೆ ₹4,000, ಮೈನಾರಿಟಿ ಪಾಲಿನಿಂದ ಇಳಿಯುತ್ತದೆ, ₹16,000 ಹೋಲ್ಡಿಂಗ್ ಪಾಲಿನಿಂದ. ಆ ಪ್ಯಾಕೆಟ್ಟುಗಳ ಒಳಗೆ ತೋಟದ ಚೆರಿಯ ಮೊದಲಿನ ಲಾಭವೂ ಇನ್ನೂ ಇದೆ ಎಂಬುದು ನೆನಪಿರಲಿ. ಅಂಗಡಿಯ ಕಪಾಟಿನಲ್ಲಿರುವ ಕೆಜಿಯನ್ನೂ ಮೇಲಿನ ಸೂತ್ರಕ್ಕೆ ಹಾಕಿ, ಮೂಟೆಗೆ ತಿರುಗಿಸಿ, 1,110ರ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು.